ಹೊಗೆ, ಬೆಂಕಿ, ಮಂಜು, ಮಳೆ: ವಿಪತ್ತಿನ ಫೋಟೊ ನಕಲಿಯಾ ಎಂದು ಪತ್ತೆ ಹಚ್ಚುವ ಕೈಪಿಡಿ

ಸ್ಫೋಟದ್ದೋ ಕಾಡ್ಗಿಚ್ಚಿನದ್ದೋ ಒಂದು ಫೋಟೊ ಫೋನಿಗೆ ಬಂತು ಅಂದರೆ ಎಲ್ಲರೂ ಮೊದಲು ನೋಡುವುದು ಜನರ ಕೈಬೆರಳು, ಅಂಗಡಿ ಬೋರ್ಡಿನ ಅಕ್ಷರ. ಆದರೆ ವಿಪತ್ತಿನ ಎಷ್ಟೋ ಫೋಟೊಗಳಲ್ಲಿ ಬೆರಳೂ ಇರುವುದಿಲ್ಲ, ಬೋರ್ಡೂ ಇರುವುದಿಲ್ಲ. ದೂರದಲ್ಲಿ ಕಟ್ಟಡ, ಅದರ ಮೇಲೆ ದೊಡ್ಡ ಹೊಗೆ, ಅಷ್ಟೇ. ಆಗ ಆ ಹೊಗೆಯನ್ನೇ ವಿಚಾರಿಸಬೇಕು.

ಕಾರು, ಮನೆ, ಮನುಷ್ಯ ಇವಕ್ಕೆಲ್ಲ ಅಂಚಿದೆ. ಕತ್ತರಿಸಿ ಬೇರೆ ಕಡೆ ಅಂಟಿಸಬಹುದು. ಹೊಗೆಗೆ ಅಂಚಿಲ್ಲ. ಹಿಂದಿರುವುದು ಅದರ ಮೂಲಕ ಕಾಣುತ್ತದೆ, ಬಿಸಿಲು ಯಾವ ಕಡೆಯಿಂದ ಬಂತು ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ, ಗಾಳಿ ಬೀಸಿದ ಕಡೆ ವಾಲುತ್ತದೆ, ಕೆಳಗೆ ನೆರಳು ಬೀಳಿಸುತ್ತದೆ. ಮಂಜು, ಮಳೆ, ಬೆಂಕಿಯೂ ಹಾಗೇ. ಆಕಾರ ಮಾತ್ರ ನಕಲು ಮಾಡುವುದು ಸುಲಭ, ಅದಕ್ಕೂ ಸುತ್ತಲಿನ ದೃಶ್ಯಕ್ಕೂ ಇರುವ ಸಂಬಂಧಗಳನ್ನೆಲ್ಲ ಒಟ್ಟಿಗೆ ಸರಿಯಾಗಿ ಕೂರಿಸುವುದು ಬಹಳ ಕಷ್ಟ. ಕೆಳಗಿನ ಪರೀಕ್ಷೆಗಳೆಲ್ಲ ಆ ಸಂಬಂಧಗಳನ್ನೇ ನೋಡುತ್ತವೆ.

ಶುರು ಮಾಡುವ ಮೊದಲು

ಕೈಯಲ್ಲಿರುವ ಪ್ರತಿ ಎಂಥದ್ದು ನೋಡಿ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬಂದ ಫೋಟೊ ಪ್ರತಿ ಸಲವೂ ಹಿಂಡಿ ಹಿಂಡಿ ಚಿಕ್ಕದಾಗಿರುತ್ತದೆ, ಹೊಗೆಯ ಒಳಗಿನ ಸೂಕ್ಷ್ಮ ವಿವರ ಮೊದಲು ಹೋಗುವುದೇ ಅಲ್ಲಿ. ಫೋಟೊ ಕೊಟ್ಟು ಅದರ ಬೇರೆ ಪ್ರತಿಗಳನ್ನು ಹುಡುಕುವ ರಿವರ್ಸ್ ಇಮೇಜ್ ಸರ್ಚ್ ಮಾಡಿ, ಸಿಕ್ಕಿದ್ದರಲ್ಲಿ ಅತಿ ದೊಡ್ಡ ಪ್ರತಿ ಇಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಬೇಡ. ಈ ಹುಡುಕಾಟದಲ್ಲೇ ಹಳೆಯ ಫೋಟೊ ಅಂತ ಗೊತ್ತಾದರೆ ಮುಂದಿನ ಯಾವ ಕೆಲಸವೂ ಬೇಕಾಗುವುದಿಲ್ಲ.

ಲಕ್ಷಣ: ಹೊಗೆಯ ಉಬ್ಬುಗಳು ಒಂದೇ ತರ ಕಾಣುತ್ತಿವೆ

ಇದಕ್ಕೆ 2006ರ ಬೈರೂತ್ ಫೋಟೊಗಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ವರ್ಷ ಆಗಸ್ಟ್ ಮೊದಲ ವಾರ, ಇಸ್ರೇಲ್‌ನ ವಾಯುದಾಳಿಯ ನಂತರ ಬೈರೂತ್ ಮೇಲೆ ಎದ್ದ ಹೊಗೆಯ ಒಂದು ಫೋಟೊವನ್ನು ರಾಯಿಟರ್ಸ್ ಸಂಸ್ಥೆ ಹಂಚಿತು. ತೆಗೆದವರು ಅದ್ನಾನ್ ಹಜ್ ಎಂಬ ಫ್ರೀಲಾನ್ಸ್ ಛಾಯಾಗ್ರಾಹಕ. ದಾಳಿ ನಡೆದದ್ದು ನಿಜ, ಹೊಗೆ ಎದ್ದದ್ದೂ ನಿಜ. ಆದರೆ ಫೋಟೊದಲ್ಲಿ ಹೊಗೆಯ ಕಂಬದ ಉದ್ದಕ್ಕೂ ಒಂದೇ ಗಾತ್ರದ, ಒಂದೇ ಆಕಾರದ ಗುಂಡನೆಯ ಉಬ್ಬುಗಳು ಸಾಲಾಗಿದ್ದವು. ಅಮೆರಿಕದ ಬ್ಲಾಗರ್‌ಗಳು ಅದನ್ನು ಎತ್ತಿ ತೋರಿಸಿದರು. ಫೋಟೊದ ಒಂದು ಭಾಗವನ್ನು ಇನ್ನೊಂದು ಕಡೆ ನಕಲಿಸುವ ಕ್ಲೋನ್ ಟೂಲಿನಿಂದ ಹಜ್ ಹೊಗೆಯ ತುಂಡನ್ನು ಮತ್ತೆ ಮತ್ತೆ ಒತ್ತಿ ದಟ್ಟ ಮಾಡಿದ್ದರು, ಕಪ್ಪೂ ಮಾಡಿದ್ದರು. ಮೂಲ ಫೋಟೊದಲ್ಲಿದ್ದ ಹೊಗೆ ಅದಕ್ಕಿಂತ ತೆಳು. ಕೊಳೆ ಗುರುತು ತೆಗೆಯಲು ಹೋಗಿ ಹೀಗಾಯಿತು ಎಂದು ಅವರು ಹೇಳಿದ್ದಾಗಿ ಸಂಸ್ಥೆ ತಿಳಿಸಿತು. ಅವರದೇ ಇನ್ನೊಂದು ಫೋಟೊದಲ್ಲಿ ಯುದ್ಧವಿಮಾನ ಬಿಟ್ಟ, ಉರಿಯುತ್ತಾ ಬೀಳುವ ಒಂದು ಫ್ಲೇರ್ ಮೂರಾಗಿತ್ತು. ಕೊನೆಗೆ ರಾಯಿಟರ್ಸ್ ಅವರ 920 ಫೋಟೊಗಳನ್ನೂ ತನ್ನ ಸಂಗ್ರಹದಿಂದ ತೆಗೆದುಹಾಕಿತು.

ನಿಜವಾದ ಹೊಗೆಯಲ್ಲಿ ಇದು ಯಾಕೆ ಸಾಧ್ಯವಿಲ್ಲ? ಬಿಸಿ ಹೊಗೆ ಮೇಲೇಳುವಾಗ ಪಕ್ಕದ ತಣ್ಣನೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಡೂ ಉಜ್ಜುವ ಜಾಗದಲ್ಲಿ ಸುರುಳಿಗಳು ಏಳುತ್ತವೆ, ದೊಡ್ಡ ಸುರುಳಿ ಒಡೆದು ಸಣ್ಣವು, ಅವು ಒಡೆದು ಇನ್ನೂ ಸಣ್ಣವು. ಎಲ್ಲವೂ ಒಂದೇ ಜಾತಿಯವು ಅನ್ನಿಸುತ್ತದೆ, ಆದರೆ ಯಾವ ಎರಡೂ ಒಂದೇ ಅಲ್ಲ, ಏಕೆಂದರೆ ಕೂದಲೆಳೆಯಷ್ಟು ವ್ಯತ್ಯಾಸವೂ ಮುಂದಿನ ಕ್ಷಣಕ್ಕೆ ಬೇರೆಯೇ ಆಕಾರ ಕೊಡುತ್ತದೆ. ಇನ್ನೊಂದು ವಿಷಯ ನೆನಪಿಡಿ: ಮೇಲಿರುವ ಹೊಗೆ ಕೆಳಗಿರುವುದಕ್ಕಿಂತ ಹಳೆಯದು. ಮೇಲಕ್ಕೆ ಹೋದಷ್ಟೂ ಗಾಳಿ ಬೆರೆತು ಅಗಲವಾಗಬೇಕು, ಉಬ್ಬುಗಳು ದೊಡ್ಡದಾಗಬೇಕು, ಬಣ್ಣ ತೆಳುವಾಗಬೇಕು. ಗಾಳಿ ಬೀಸದಿದ್ದಾಗ ಕಂಬದ ಅಗಲ ಎತ್ತರದ ಸುಮಾರು ಕಾಲು ಭಾಗದಷ್ಟು ಇರುತ್ತದೆ. ಬುಡದಲ್ಲೂ ತುದಿಯಲ್ಲೂ ಉಬ್ಬು ಒಂದೇ ಅಳತೆ ಅಂದರೆ ಯಾರೋ ತುಂಡು ಒತ್ತುತ್ತಾ ಮೇಲೆ ಹೋಗಿದ್ದಾರೆ.

ಕಣ್ಣಿಗೆ ಅನುಮಾನ ಬಂದರೆ ಸಾಲದು, ಖಚಿತ ಮಾಡಿಕೊಳ್ಳಬೇಕು. ಫೋಟೊ ತಿದ್ದುವ ಉಚಿತ ತಂತ್ರಾಂಶ ಜಿಂಪ್‌ನಲ್ಲಿ ಹೀಗೆ ಮಾಡಿ. ಫೋಟೊ ತೆರೆದು `Layer → Duplicate Layer` ಒತ್ತಿ. ಮೇಲಿನ ಲೇಯರಿನ `Mode` ಅನ್ನು `Difference` ಮಾಡಿ. ಇಡೀ ಚಿತ್ರ ಕಪ್ಪಾಗುತ್ತದೆ, ಅದು ಸರಿ, ಏಕೆಂದರೆ ಈಗ ಒಂದರಲ್ಲಿ ಇನ್ನೊಂದು ಕಳೆದಿದೆ. ಈಗ ಮೂವ್ ಟೂಲ್ ಹಿಡಿದು ಮೇಲಿನ ಲೇಯರನ್ನು ನಿಧಾನ ಸರಿಸಿ, ಅನುಮಾನದ ಎರಡು ಉಬ್ಬುಗಳು ಒಂದರ ಮೇಲೊಂದು ಬರುವಂತೆ. ಕೊನೆಯ ಹೊಂದಾಣಿಕೆಯನ್ನು ಆ್ಯರೋ ಕೀಲಿಯಿಂದ ಒಂದೊಂದೇ ಪಿಕ್ಸೆಲ್ ಮಾಡಿ. ಸುತ್ತಲೂ ಗಲೀಜಾಗಿ ಬೂದುಬಣ್ಣ ಇದ್ದು, ಉಬ್ಬು ಇದ್ದ ಜಾಗ ಮಾತ್ರ ಕಪ್ಪು ತೂತಿನ ತರ ಬಿದ್ದರೆ ಅದು ಕ್ಲೋನ್. ಬ್ರಶ್ಶಿನ ಅಂಚು ಮೆತ್ತಗಿರುವುದರಿಂದ ತೂತಿನ ನಡುವೆ ಕಪ್ಪು ಜಾಸ್ತಿ, ಅಂಚಿಗೆ ಬರುತ್ತಾ ಕಡಿಮೆ. ಜೆಪೆಗ್ ಹಿಂಡುವಿಕೆಯಿಂದ ಪೂರ್ತಿ ಕಪ್ಪು ಬಾರದೆ ಕಡುಗಪ್ಪಿಗೆ ನಿಲ್ಲಬಹುದು, ಅದೂ ಸಾಕು.

ಇಲ್ಲಿ ಒಂದು ಎಚ್ಚರ. ಬರೀ ಆಕಾಶ, ನಯವಾದ ಮಂಜು ಇಂಥ ಕಡೆ ಎಲ್ಲಿಗೆ ಸರಿಸಿದರೂ ಕಪ್ಪೇ ಬರುತ್ತದೆ. ಸುರುಳಿ, ಅಂಚು, ಮಚ್ಚೆ ಇರುವ ತುಂಡನ್ನೇ ಹೋಲಿಸಿ.

ಲಕ್ಷಣ: ಏನೂ ಪುನರಾವರ್ತನೆ ಇಲ್ಲ, ಆದರೂ ಹೊಗೆ ಅಂಟಿಸಿದ ಹಾಗಿದೆ

ಈಗಿನ ನಕಲಿಗಳಲ್ಲಿ ಇದೇ ಜಾಸ್ತಿ. ಬೇರೆ ಕಡೆಯ ಅಸಲಿ ಹೊಗೆಯನ್ನು ತಂದು ಕೂರಿಸಿದರೆ, ಇಲ್ಲವೇ ಎಐ ಚಿತ್ರ ಮಾಡಿಸಿದರೆ, ಸುರುಳಿಗಳು ಚೆನ್ನಾಗಿಯೇ ಇರುತ್ತವೆ. ಮೇಲಿನ `Difference` ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ.

ಮೊದಲು ಬಣ್ಣ ನೋಡಿ, ಅದೂ ತೆಳು ಹೊಗೆಯ ಬಣ್ಣ. ಕಟ್ಟಿಗೆ ಹೊಗೆಯ ಕಣಗಳು ಬಹಳ ಸಣ್ಣವು, ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ಹಾಗಾಗಿ ಅದೇ ತೆಳು ಹೊಗೆ ಕಪ್ಪು ಗುಡ್ಡದ ಮುಂದೆ ಇದ್ದಾಗ ನೀಲಿಯಾಗಿ ಕಾಣುತ್ತದೆ, ಅಲ್ಲಿಂದ ಮೇಲೆ ಬಂದು ಬೆಳ್ಳಗಿನ ಆಕಾಶದ ಮುಂದೆ ನಿಂತಾಗ ಕಂದು ಹಳದಿಯಾಗುತ್ತದೆ, ಏಕೆಂದರೆ ಆಗ ನಾವು ನೋಡುತ್ತಿರುವುದು ನೀಲಿ ಕಳೆದುಕೊಂಡು ಬಂದ ಆಕಾಶದ ಬೆಳಕನ್ನು. ಹಳ್ಳಿ ಮನೆಯ ಹೆಂಚಿನ ಮೇಲಿಂದ ಏಳುವ ಒಲೆ ಹೊಗೆಯನ್ನು ಬೆಳಿಗ್ಗೆ ನೋಡಿದವರಿಗೆ ಇದು ಗೊತ್ತೇ ಇರುತ್ತದೆ: ಮರದ ಮುಂದೆ ನೀಲಿ, ಆಕಾಶಕ್ಕೆ ಏರಿದರೆ ಕಂದು. ಅಂಟಿಸಿದ ಹೊಗೆಗೆ ಹಿಂದೆ ಏನಿದೆ ಅಂತ ಗೊತ್ತಿಲ್ಲ. ಗುಡ್ಡದ ಗೆರೆ ದಾಟಿದರೂ ಅದು ಒಂದೇ ಬೂದಿಬಣ್ಣದಲ್ಲಿ ಮುಂದುವರಿಯುತ್ತದೆ. ಗುಡ್ಡವೋ ಕಟ್ಟಡವೋ ಆಕಾಶಕ್ಕೆ ಸೇರುವ ಗೆರೆಯ ಹತ್ತಿರ ಜೂಮ್ ಮಾಡಿ, ಗೆರೆಯ ಮೇಲೂ ಕೆಳಗೂ ಬಣ್ಣದ ಅಂಕಿ ತೋರಿಸುವ ಐಡ್ರಾಪರ್ ಟೂಲ್ ಇಟ್ಟು ಬಣ್ಣ ಓದಿ. ಟೈರು, ಎಣ್ಣೆ ಉರಿದ ದಟ್ಟ ಕಪ್ಪು ಹೊಗೆಗೆ ಈ ಪರೀಕ್ಷೆ ನಡೆಯುವುದಿಲ್ಲ. ಅದರಲ್ಲಿರುವುದು ಮಸಿ, ಅದು ಎಲ್ಲ ಬಣ್ಣವನ್ನೂ ನುಂಗುತ್ತದೆ.

ಆಮೇಲೆ ಗಾಳಿ. ಫೋಟೊದಲ್ಲಿ ಎರಡು ಕಡೆ ಹೊಗೆ ಇದ್ದರೆ, ಬಾವುಟ ಇದ್ದರೆ, ಬಾಗಿದ ಮರ ಇದ್ದರೆ, ಎಲ್ಲವೂ ಒಂದೇ ಗಾಳಿಗೆ ಒಪ್ಪಬೇಕು. ನೆಲದ ಹತ್ತಿರದ ಗಾಳಿಗೂ ನೂರಾರು ಅಡಿ ಮೇಲಿನ ಗಾಳಿಗೂ ದಿಕ್ಕು ಬೇರೆ ಇರಬಹುದು, ಅದಕ್ಕೇ ಒಂದೇ ಎತ್ತರದಲ್ಲಿರುವವನ್ನು ಮಾತ್ರ ಹೋಲಿಸಿ.

ಕೊನೆಗೆ ಹೊಗೆಯ ಬುಡ. ನಕಲಿ ಮಾಡುವವರು ಅತಿ ಕಡಿಮೆ ಗಮನ ಕೊಡುವ ಜಾಗ ಇದು. ಹೊಗೆ ಎಲ್ಲಿಂದ ಬರುತ್ತಿದೆ? ಕಿಟಕಿಯಿಂದಲೋ, ಛಾವಣಿಯಿಂದಲೋ, ನೆಲದಿಂದಲೋ? ಒಡೆದ ಗಾಜು, ಮಸಿ ಹಿಡಿದ ಗೋಡೆ ಇದೆಯಾ? ಬಿಸಿಲಿದ್ದರೆ ಆ ಕಂಬದ ನೆರಳು ಎಲ್ಲಿ ಬಿತ್ತು? 2023ರ ಮೇ 22ರಂದು ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಪೆಂಟಗನ್ ಪಕ್ಕ ಸ್ಫೋಟ ಆಯಿತು ಎಂಬ ಚಿತ್ರವೊಂದು ಹರಡಿ, ಅಲ್ಲಿನ ಷೇರು ಸೂಚ್ಯಂಕ ಸ್ವಲ್ಪ ಹೊತ್ತು ಕುಸಿಯಿತು. ಪೆಂಟಗನ್ ಇರುವ ಆರ್ಲಿಂಗ್ಟನ್‌ನ ಅಗ್ನಿಶಾಮಕದವರು ಸ್ಫೋಟವೇ ಇಲ್ಲ ಎಂದರು. ಅದರಲ್ಲಿದ್ದ ಕಪ್ಪು ಹೊಗೆ ನೋಡಲು ಹೊಗೆಯಂತೆಯೇ ಇತ್ತು. ಸಿಕ್ಕಿಬಿದ್ದದ್ದು ಕೆಳಗೆ: ಬೇಲಿ ಕಾಲುದಾರಿಯೊಳಗೆ ಕರಗಿ ಸೇರಿಕೊಂಡಿತ್ತು, ಕಟ್ಟಡದ ಮುಖವೂ ಪೆಂಟಗನ್ನಿನದ್ದಾಗಿರಲಿಲ್ಲ. ಕಣ್ಣು ಹೊಗೆಯ ಜೊತೆ ಮೇಲೆ ಹೋಗುತ್ತದೆ, ನೀವು ಹಟ ಹಿಡಿದು ಕೆಳಗೆ ನೋಡಿ.

ಲಕ್ಷಣ: ಬೆಂಕಿ ಉರಿಯುತ್ತಿದೆ, ಸುತ್ತ ಯಾವುದಕ್ಕೂ ಅದು ತಟ್ಟಿಲ್ಲ

ಜ್ವಾಲೆ ತಾನೇ ಬೆಳಕು. ಹಾಗಾಗಿ ಕಪ್ಪು ಹಿನ್ನೆಲೆಯಲ್ಲಿ ತೆಗೆದ ಜ್ವಾಲೆಯನ್ನು `Screen` ಮೋಡಿನಲ್ಲಿ ಇನ್ನೊಂದು ಫೋಟೊ ಮೇಲೆ ಹಾಕಿದರೆ ಬೆಳಕಿಗೆ ಬೆಳಕು ಕೂಡಿದ ಹಾಗಾಗಿ ಸಾಕಷ್ಟು ನಂಬುವಂತೆ ಕೂರುತ್ತದೆ. ಜ್ವಾಲೆಯನ್ನೇ ದಿಟ್ಟಿಸಿ ಪ್ರಯೋಜನ ಕಡಿಮೆ. ಅದರ ಸುತ್ತ ನೋಡಿ.

ರಾತ್ರಿ ಫೋಟೊದಲ್ಲಿ ಮೂರು ಕಡೆ ಕಣ್ಣು ಹಾಯಿಸಿ. ಹೊಗೆಯ ಕೆಳಭಾಗ ಕೆಂಪು ಕಿತ್ತಳೆಯಾಗಿ ಬೆಳಗಬೇಕು, ಮೇಲೆ ಹೋಗುತ್ತಾ ಕಪ್ಪಾಗಬೇಕು. ಬೆಂಕಿಗೆ ಮುಖ ಮಾಡಿದ ಗೋಡೆ, ಕಾರು, ಮುಖಗಳು ಕಿತ್ತಳೆಯಾಗಿರಬೇಕು, ದೂರ ಸರಿದ ಹಾಗೆ ಆ ಬೆಳಕು ಬೇಗ ಕುಗ್ಗಬೇಕು. ಬೆಂಕಿ ಚಿಕ್ಕದಾದರೆ ದೂರ ಎರಡರಷ್ಟಾದಾಗ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮೂರನೆಯದು, ಜ್ವಾಲೆಯ ನಡುಭಾಗ. ಸುತ್ತಲಿನ ಕತ್ತಲೆ ಕಾಣುವಷ್ಟು ಎಕ್ಸ್‌ಪೋಷರ್ ಕೊಟ್ಟರೆ ಜ್ವಾಲೆಯ ಒಡಲು ಬಿಳಿ ಹಳದಿಯಾಗಿ ಸುಟ್ಟುಹೋಗುತ್ತದೆ, ವಿವರವೇ ಉಳಿಯುವುದಿಲ್ಲ. ರಾತ್ರಿಯ ಬೀದಿಯೂ ಚೆನ್ನಾಗಿ ಕಾಣಬೇಕು, ಜ್ವಾಲೆಯ ಒಂದೊಂದು ನಾಲಿಗೆಯೂ ಗಾಢ ಕಿತ್ತಳೆಯಲ್ಲಿ ಸ್ಪಷ್ಟವಾಗಿರಬೇಕು ಅಂದರೆ ಮಾಮೂಲಿ ಕ್ಯಾಮೆರಾಗೆ ಕಷ್ಟ. ಫೋನಿನ ಎಚ್‌ಡಿಆರ್ ಇದನ್ನು ಒಂದಿಷ್ಟು ಸರಿ ಮಾಡುತ್ತದೆ, ಅದಕ್ಕೇ ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಹಗಲಲ್ಲಿ ಉಲ್ಟಾ. ಬಿಸಿಲಿಗೆ ಹೊಂದಿಸಿದ ಕ್ಯಾಮೆರಾದಲ್ಲಿ ಜ್ವಾಲೆ ತೆಳುವಾಗಿ, ಹಿಂದಿನದು ಕಾಣುವ ಹಾಗೆ ಬರುತ್ತದೆ, ಅದರ ಮೇಲಿನ ಬಿಸಿ ಗಾಳಿಯಲ್ಲಿ ಹಿಂದಿನ ಗೆರೆಗಳು ಅಲುಗಾಡಿದಂತೆ ಮಸುಕಾಗುತ್ತವೆ.

ಅಳತೆಗೋಲು ಸಿಕ್ಕರೆ ಬಿಡಬೇಡಿ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಕಾಡ್ಗಿಚ್ಚು ಹಬ್ಬಿದಾಗ ಅಲ್ಲಿನ ಬೆಟ್ಟದ ಮೇಲಿರುವ ಹಾಲಿವುಡ್ ಫಲಕ ಹೊತ್ತಿ ಉರಿಯುವ ಚಿತ್ರಗಳು ಓಡಾಡಿದವು. ಬೆಂಕಿಯ ದುರಂತ ನಿಜ, ಆ ಬೆಟ್ಟಗಳ ಸಾಲಿನಲ್ಲೇ ರನ್ಯನ್ ಕ್ಯಾನಿಯನ್ ಕಡೆ ಬೆಂಕಿ ಬಿದ್ದದ್ದೂ ನಿಜ, ಆದರೆ ಫಲಕಕ್ಕೆ ಏನೂ ಆಗಿರಲಿಲ್ಲ. ಆ ಅಕ್ಷರಗಳ ಎತ್ತರ ಸುಮಾರು 45 ಅಡಿ. ಚಿತ್ರದಲ್ಲಿ ಜ್ವಾಲೆ ಅಕ್ಷರದ ಎರಡರಷ್ಟಿದ್ದರೆ ಅದು 90 ಅಡಿ ಬೆಂಕಿ. ಅಲ್ಲಿ ಬೆಳೆದಿರುವುದು ಕುರುಚಲು ಗಿಡ. ಅಷ್ಟು ಬೆಂಕಿಯ ನಡುವೆ ಅಕ್ಷರಗಳು ಬೆಳ್ಳಗೆ, ಮಸಿ ಇಲ್ಲದೆ, ಕಿತ್ತಳೆ ಬೆಳಕೂ ತಾಗದೆ ನಿಂತಿವೆ ಅಂದರೆ ನಂಬುವುದು ಹೇಗೆ?

ಲಕ್ಷಣ: ಮಂಜು ಎಲ್ಲ ಕಡೆ ಒಂದೇ ಸಮ

ಮಂಜಿನಲ್ಲಿ ಸರಣಿ ಅಪಘಾತ ಎಂಬ ಫೋಟೊಗಳಿಗೆ ಈ ಪರೀಕ್ಷೆ. ಸುಮ್ನೆ ಒಂದು ಬಿಳಿ ಲೇಯರ್ ಹಾಕಿ ಅಪಾರದರ್ಶಕತೆ ಇಳಿಸಿದರೆ ಮಂಜಿನ ಹಾಗೇ ಕಾಣುತ್ತದೆ. ಆದರೆ ನಿಜವಾದ ಮಂಜಿಗೆ ದೂರದ ಲೆಕ್ಕ ಇದೆ.

```
t = e^(-β·d)
I = J·t + A·(1 - t)
β ≈ 3.9 / V
```

`V` ಅಂದರೆ ಎಷ್ಟು ಮೀಟರ್‌ವರೆಗೆ ಕಾಣುತ್ತದೆ ಎಂಬುದು, `d` ವಸ್ತುವಿನ ದೂರ, `J` ವಸ್ತುವಿನ ನಿಜ ಬೆಳಕು, `A` ಮಂಜಿನ ಬಿಳಿ, `β` ಮಂಜಿನ ದಟ್ಟತೆ, `t` ವಸ್ತುವಿನ ಬೆಳಕಿನಲ್ಲಿ ಮಂಜು ದಾಟಿ ಉಳಿಯುವ ಪಾಲು, `I` ಕ್ಯಾಮೆರಾಗೆ ಸಿಕ್ಕಿದ್ದು. 200 ಮೀಟರ್ ಕಾಣುವ ಮಂಜು ಅಂತ ಇಟ್ಟುಕೊಳ್ಳಿ. 50 ಮೀಟರ್ ದೂರದ ಲಾರಿಯ ಸ್ಪಷ್ಟತೆ ಶೇಕಡ 38ರಷ್ಟು ಉಳಿಯುತ್ತದೆ, 100 ಮೀಟರ್‌ನದ್ದು 14, 200 ಮೀಟರ್‌ನದ್ದು ಬರೀ 2. ಅಂದರೆ ಹತ್ತಿರದ ಕಾರಿನ ಟೈರು ಹೆಚ್ಚುಕಡಿಮೆ ಕಪ್ಪಾಗಿಯೇ ಇರಬೇಕು, ಮುಂದಿನದ್ದು ಬೂದಿ, ಅದರಾಚೆಯದ್ದು ಮಂಜಿನ ಬಣ್ಣವೇ.

ಮಾಡಬೇಕಾದ್ದು ಇಷ್ಟೇ: ಬೇರೆ ಬೇರೆ ದೂರದಲ್ಲಿರುವ ಕಪ್ಪು ವಸ್ತುಗಳನ್ನು, ಟೈರೋ ಕಾಂಡವೋ, ಆರಿಸಿ ಐಡ್ರಾಪರ್‌ನಿಂದ ಓದಿ. ಅಂಕಿ ಮೊದಲು ಬೇಗ ಏರಿ ಆಮೇಲೆ ನಿಧಾನವಾಗಿ ಮಂಜಿನ ಬಿಳಿಯನ್ನು ಮುಟ್ಟಬೇಕು. ನಿಮ್ಮ ಅಂಕಿಗಳು ಮೇಲಿನ ಸೂತ್ರಕ್ಕೆ ನಿಖರವಾಗಿ ಹೊಂದುವುದಿಲ್ಲ, ಏಕೆಂದರೆ ಜೆಪೆಗ್‌ನಲ್ಲಿ ಬೆಳಕಿನ ಅಳತೆ ಬಗ್ಗಿಸಿಯೇ ಬರೆದಿರುತ್ತದೆ. ಏರುವ ಕ್ರಮ ಮಾತ್ರ ತಪ್ಪಬಾರದು. ಮೂರು ಮೀಟರ್‌ನ ಟೈರೂ ನೂರು ಮೀಟರ್‌ನ ಟೈರೂ ಒಂದೇ ಅಂಕಿ ತೋರಿಸಿದರೆ ಅದು ಬಿಳಿ ಲೇಯರ್. ಎಷ್ಟೋ ನಕಲಿಗಳಲ್ಲಿ ದಟ್ಟ ಮಂಜಿನ ನಡುವೆ ಕಾರಿನ ಕೆಳಗೆ ಚೂಪಾದ ಬಿಸಿಲಿನ ನೆರಳೂ ಉಳಿದುಬಿಟ್ಟಿರುತ್ತದೆ, ಆಗ ಐಡ್ರಾಪರ್ ಬೇಕೇ ಇಲ್ಲ.

ಲಕ್ಷಣ: ಮಳೆಗೆರೆ ಉದ್ದ, ಜನ ಮಾತ್ರ ಸ್ಪಷ್ಟ

ಹನಿ ಫೋಟೊದಲ್ಲಿ ಗೆರೆಯಾಗುವುದು ಶಟರ್ ತೆರೆದಿದ್ದಷ್ಟು ಹೊತ್ತು ಅದು ಬಿದ್ದದ್ದರಿಂದ. 2 ಮಿಲಿಮೀಟರ್ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ಬೀಳುತ್ತದೆ. ಶಟರ್ 1/60 ಇದ್ದರೆ ಗೆರೆ 11 ಸೆಂಟಿಮೀಟರ್, 1/1000 ಇದ್ದರೆ 6.5 ಮಿಲಿಮೀಟರ್. ಹಗಲಲ್ಲಿ ಫೋನಿನಲ್ಲಿ ಜೋರು ಮಳೆ ತೆಗೆದರೂ ಮಳೆಯೇ ಕಾಣುವುದಿಲ್ಲ ಅನ್ನುವುದು ಇದಕ್ಕೇ.

ಈಗ ನಕಲಿ ನೋಡಿ. ಪ್ರವಾಹದ ನೀರಲ್ಲಿ ಒಬ್ಬರು ನಡೆದು ಬರುತ್ತಿದ್ದಾರೆ, ಅವರ ಹಿಂದೆ ಮರೆಯಾಗುವ ಮಳೆಗೆರೆಯೊಂದು ಅವರ ಎತ್ತರಕ್ಕೆ ಹೋಲಿಸಿದರೆ ಒಂದೂವರೆ ಮೀಟರ್ ಇದೆ. ಅಷ್ಟು ಉದ್ದ ಬರಲು ಶಟರ್ ಹತ್ತಿರಹತ್ತಿರ ಕಾಲು ಸೆಕೆಂಡ್ ತೆರೆದಿರಬೇಕು. ಅಷ್ಟರಲ್ಲಿ ಮಾಮೂಲಿ ನಡಿಗೆಯಲ್ಲಿರುವ ಮನುಷ್ಯ ಸುಮಾರು 30 ಸೆಂಟಿಮೀಟರ್ ಮುಂದೆ ಬಂದಿರುತ್ತಾನೆ, ಕಾಲು ಪೂರ್ತಿ ಅಲುಗಿರಬೇಕು. ಕಣ್ರೆಪ್ಪೆವರೆಗೂ ಸ್ಪಷ್ಟ ಇದ್ದರೆ ಎರಡರಲ್ಲಿ ಒಂದು ಸುಳ್ಳು. ಗೆರೆ ಆ ವ್ಯಕ್ತಿಯ ಹಿಂದೆಯೇ ಇದೆ ಅಂತ ಖಾತ್ರಿ ಮಾಡಿಕೊಳ್ಳಿ, ಏಕೆಂದರೆ ಲೆನ್ಸಿನ ಮುಂದೆಯೇ ಬಿದ್ದ ಹನಿ ಸಣ್ಣದಿದ್ದರೂ ದೊಡ್ಡದಾಗಿ, ಅಗಲವಾಗಿ, ಮಸುಕಾಗಿ ಕಾಣುತ್ತದೆ.

ಅದೇ ಕಾರಣಕ್ಕೆ ನಿಜ ಮಳೆಯಲ್ಲಿ ಗೆರೆಗಳು ಒಂದೇ ದಪ್ಪ ಇರುವುದಿಲ್ಲ. ಹತ್ತಿರದ್ದು ಅಗಲ, ನಡುವಿನದ್ದು ಸಣ್ಣ, ದೂರದ್ದು ಸೇರಿಕೊಂಡು ಮಂಜಿನಂತೆ. ಕಪ್ಪು ಹಿನ್ನೆಲೆ ಮೇಲೆ ಎದ್ದು ಕಾಣುವ ಗೆರೆ ಬಿಳಿ ಆಕಾಶದ ಮೇಲೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಆಕಾಶದ ಮೇಲೂ ಮರದ ಮೇಲೂ ಒಂದೇ ಬಿಳಿಯ, ಒಂದೇ ದಪ್ಪದ ಗೆರೆ ಅಂದರೆ ಮಳೆಯ ಲೇಯರ್. ನಿಂತ ನೀರಿನಲ್ಲಿ ಹನಿ ಬಿದ್ದ ಉಂಗುರಗಳು ಇವೆಯಾ ಅಂತಲೂ ನೋಡಿ.

ಸುಳ್ಳು ಎಚ್ಚರಿಕೆಗಳು

ಅಸಲಿ ಫೋಟೊವನ್ನು ನಕಲಿ ಅನ್ನುವುದೂ ಅಷ್ಟೇ ಕೆಟ್ಟದ್ದು. 2020ರ ಸೆಪ್ಟೆಂಬರ್ 9ರಂದು ಕಾಡ್ಗಿಚ್ಚಿನ ಹೊಗೆಯಿಂದ ಸ್ಯಾನ್ ಫ್ರಾನ್ಸಿಸ್ಕೊದ ಆಕಾಶ ಹಗಲಲ್ಲೇ ಕಿತ್ತಳೆಯಾಗಿತ್ತು. ಹಲವರ ಫೋನುಗಳು ಬಣ್ಣ ತಾವೇ ಸರಿಪಡಿಸಿ ಅದನ್ನು ಬೂದಿಬಣ್ಣ ಮಾಡಿದವು. ಒಂದೇ ದಿನ, ಒಂದೇ ಊರು, ಎರಡು ಬಣ್ಣದ ಆಕಾಶ, ಎರಡೂ ಫೋಟೊ ಅಸಲಿ. ಹಾಗಾಗಿ ಇಡೀ ಫೋಟೊದ ಬಣ್ಣ ವಿಚಿತ್ರ ಇದೆ ಅನ್ನುವುದು ಸಾಕ್ಷಿ ಅಲ್ಲ. ಒಂದೇ ಫೋಟೊದೊಳಗೆ ಎರಡು ಭಾಗ ಒಂದಕ್ಕೊಂದು ಒಪ್ಪದಿದ್ದರೆ ಅದು ಸಾಕ್ಷಿ. ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನೇ ನೋಡಿ. 2017ರ ಫೆಬ್ರುವರಿಯಲ್ಲೂ 2018ರ ಜನವರಿಯಲ್ಲೂ ಕೆರೆಯಿಂದ ದಟ್ಟ ಹೊಗೆ ಎದ್ದಿತು. ಕೆರೆಯಲ್ಲಿ ಬೆಂಕಿ ಅಂದರೆ ಹೊರಗಿನವರು ನಂಬುವುದಿಲ್ಲ ಅಲ್ವಾ, ಆದರೂ ಅದು ನಡೆದದ್ದೇ.

ಇನ್ನು ಈ ಎಲ್ಲ ಪರೀಕ್ಷೆಗಳನ್ನೂ ಪಾಸಾಗುವ ಸುಳ್ಳೊಂದಿದೆ: ಹಳೆಯ ಅಸಲಿ ಫೋಟೊಗೆ ಹೊಸ ಸುದ್ದಿ ಹಚ್ಚುವುದು. 2019ರ ಆಗಸ್ಟ್‌ನಲ್ಲಿ ಅಮೆಜಾನ್ ಕಾಡು ಉರಿಯುತ್ತಿದ್ದಾಗ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರನ್ ಒಂದು ಫೋಟೊ ಹಂಚಿಕೊಂಡರು. ಅದರಲ್ಲಿನ ಹೊಗೆಯನ್ನು ಯಾವ ಪರೀಕ್ಷೆಗೆ ಹಾಕಿದರೂ ದೋಷ ಸಿಗುವುದಿಲ್ಲ, ಏಕೆಂದರೆ ಅದು ನಿಜವಾದ ಹೊಗೆ. ಫೋಟೊ ತೆಗೆದ ಲೋರೆನ್ ಮ್ಯಾಕಿಂಟೈರ್ 2003ರಲ್ಲೇ ತೀರಿಕೊಂಡಿದ್ದರು. ಹೊಗೆಯಲ್ಲಿ ತಪ್ಪು ಸಿಗಲಿಲ್ಲ ಅಂದಾಗ ಫೋಟೊ ಸರಿ ಅಂತ ಬರೆಯಬೇಡಿ, ತಿದ್ದಿದ ಗುರುತು ಸಿಗಲಿಲ್ಲ ಅಂತ ಮಾತ್ರ ಬರೆಯಿರಿ, ಆಮೇಲೆ ಯಾರು ತೆಗೆದದ್ದು, ಯಾವಾಗ ತೆಗೆದದ್ದು ಅಂತ ಹುಡುಕಲು ಹೊರಡಿ.